ಎರಡು ವರ್ಷಕ್ಕೋಸ್ಕರ ವಾಷಿಂಗ್ ಮೆಷಿನ್ ಗಿಟ್ಟುತ್ತದಾ?

ಟೀಚರ್ ಒಬ್ಬರು ಕೇಳಿದ್ದಾರೆ: “ವಿದ್ಯಾನಗರದಲ್ಲಿ ಬಾಡಿಗೆ ಮನೆ. ನಾವಿಬ್ಬರೇ. ಎರಡು ವರ್ಷದಲ್ಲಿ ವರ್ಗ ಆಗಬಹುದು. ಮೆಷಿನ್ ತಗೊಂಡರೆ ಒಂದು ಸಲದ ಒಗೆತಕ್ಕೆ ಎಷ್ಟು ಬೀಳುತ್ತದೆ? ಲಾಂಡ್ರಿಯವರು ಕಿಲೋಗೆ 70 ಹೇಳುತ್ತಾರೆ.”

ಟೀಚರೇ, ಮೊದಲು ಒಂದು ವಾರದ ಬಟ್ಟೆಯನ್ನು ಚೀಲಕ್ಕೆ ತುಂಬಿಸಿ ತೂಕ ಮಾಡಿ. ಲಾಂಡ್ರಿಯವರು ಕಿಲೋ ಲೆಕ್ಕ ಹೇಳುತ್ತಾರೆ, ಮೆಷಿನ್ ಲೋಡ್ ಲೆಕ್ಕದಲ್ಲಿ ಓಡುತ್ತದೆ. ಎರಡನ್ನೂ ಒಂದೇ ಅಳತೆಗೆ ತರದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಮನೆಯಲ್ಲಿ 7 ಕಿಲೋ ಮೆಷಿನ್ ಇದೆ. ಅದಕ್ಕೆ ಒಂದು ಸಲಕ್ಕೆ ನಾವು ಹಾಕುವುದು 4 ಕಿಲೋ ಮಾತ್ರ. ಡ್ರಮ್ ತುಂಬಿ ತುಳುಕಿಸಿದರೆ ಸೋಪು ಬಿಡುವುದಿಲ್ಲ.

ನಿಮ್ಮ ಪ್ರಶ್ನೆಗೆ ಒಬ್ಬರು “ಕರೆಂಟಿಗೆ 2 ರೂಪಾಯಿ, ಅಷ್ಟೇ ಖರ್ಚು” ಎಂದು ಬರೆದಿದ್ದಾರೆ. ಕರೆಂಟಿನ ಮಾತು ಸರಿ. ತಣ್ಣೀರಿನ ಒಗೆತಕ್ಕೆ ಕಾಲು ಯುನಿಟ್ ಆಸುಪಾಸು ಸಾಕು. ಆದರೆ ಎಲ್ಲಕ್ಕಿಂತ ಸಣ್ಣ ಖರ್ಚೇ ಅದು! ದೊಡ್ಡದು ಮೆಷಿನ್ನಿನ ಬೆಲೆ. ಅದನ್ನು ಎಷ್ಟು ಒಗೆತಕ್ಕೆ ಹಂಚುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ನಿಮ್ಮದನ್ನೇ ಹಾಕಿ ನೋಡೋಣ. ಟಾಪ್ ಲೋಡ್ ಮೆಷಿನ್ನಿಗೆ 17,000 ಹಿಡಿಯಿರಿ. ನಲ್ಲಿ, ಪೈಪು, ಸ್ಟ್ಯಾಂಡ್ ಅಂತ 1,500. ಎರಡು ವರ್ಷ ಬಳಸಿ ಮಾರಿದರೆ 6,000 ಬಂತು ಎಂದುಕೊಳ್ಳಿ. ಕೈಯಿಂದ ಹೋದದ್ದು 12,500. ವಾರಕ್ಕೆ ಎರಡು ಲೋಡ್ ಆದರೆ ಎರಡು ವರ್ಷಕ್ಕೆ 200 ಚಿಲ್ಲರೆ. ಅಲ್ಲಿಗೆ ಒಂದು ಒಗೆತಕ್ಕೆ 60 ರೂಪಾಯಿ. ಸೋಪು, ಕರೆಂಟು, ಆಗಾಗ ಡ್ರಮ್ ತೊಳೆಯುವ ಪುಡಿ ಎಲ್ಲ ಸೇರಿ ಇನ್ನೊಂದು 20. ಒಟ್ಟು 80. ಅದೇ 4 ಕಿಲೋ ಲಾಂಡ್ರಿಗೆ ಕೊಟ್ಟರೆ 280.

ಹಾಗಾದರೆ ಮೆಷಿನ್ನೇ ಗೆದ್ದಿತು ಅಂತ ಅಲ್ಲ. ಸಣ್ಣಪುಟ್ಟದ್ದನ್ನು ದಿನಾ ಸ್ನಾನದ ಹೊತ್ತಿಗೆ ಕೈಯಲ್ಲೇ ಒಗೆದು, ದೊಡ್ಡದನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ಮೆಷಿನ್ನಿಗೆ ಹಾಕುವವರಾದರೆ ಎರಡು ವರ್ಷಕ್ಕೆ ಆಗುವುದು 52 ಒಗೆತ. ಆಗ ಒಂದಕ್ಕೆ 260 ಬೀಳುತ್ತದೆ. ಲಾಂಡ್ರಿಗೂ ಇದಕ್ಕೂ ಆಗ ವ್ಯತ್ಯಾಸವೇ ಇಲ್ಲ, ಸುಮ್ನೆ ಜಾಗ ಹಾಳು.

ಲಾಂಡ್ರಿಯ 70ರಲ್ಲಿ ಒಣಗಿಸಿ ಮಡಚಿ ಕೊಡುವುದೂ ಸೇರಿದೆಯಾ ಕೇಳಿ. ನಮ್ಮ ಕಡೆಯ ಜೂನ್, ಜುಲೈ ತಿಂಗಳಲ್ಲಿ ಅದೇ ದೊಡ್ಡ ವಿಷಯ. ಆಟಿಯ ಮಳೆಗೆ ನಮ್ಮ ಜೀನ್ಸ್ ಜಗಲಿಯಲ್ಲಿ ನಾಲ್ಕು ದಿನ ನೇತಾಡಿ ಕಡೆಗೆ ಮುಗ್ಗಲು ವಾಸನೆ ಬಂದು ಎರಡನೇ ಸಲ ಒಗೆದದ್ದುಂಟು. ಹಾಗಾಗಿ ನಾವು ಮೆಷಿನ್ ಇದ್ದರೂ ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ ಬೆಡ್‌ಶೀಟು, ಜೀನ್ಸ್ ಅಂತ 3 ಕಿಲೋ ಲಾಂಡ್ರಿಗೆ ಕೊಡುತ್ತೇವೆ. ಮೂರು ತಿಂಗಳಿಗೆ 1,260. ಕೊಡುವಾಗ ಒಣಗಿದ್ದನ್ನೇ ಕೊಡಿ. ಒದ್ದೆ ಟವೆಲ್ ಹಾಕಿದರೆ ನೀರಿಗೂ ಕಿಲೋಗೆ 70 ಕೊಟ್ಟ ಹಾಗೆ. ಕೆಲವರು ಕಡಿಮೆ ಎಂದರೆ 5 ಕಿಲೋ ಬಿಲ್ ಮಾಡುತ್ತಾರೆ, ಅದನ್ನೂ ಮೊದಲೇ ಕೇಳಿಕೊಳ್ಳಿ. ನಾನು ಕೇಳದೆ ಒಮ್ಮೆ 2 ಕಿಲೋಗೆ 350 ಕೊಟ್ಟು ಬಂದಿದ್ದೇನೆ.

ವರ್ಗ ಆಗುವುದಿದ್ದರೆ ಫ್ರಂಟ್ ಲೋಡ್ ಬೇಡ ಎಂಬುದು ನನ್ನ ಅಭಿಪ್ರಾಯ. ಸಾಗಿಸುವಾಗ ಹಿಂದುಗಡೆ ಡ್ರಮ್ ಹಿಡಿಯುವ ಬೋಲ್ಟುಗಳನ್ನು ವಾಪಸ್ ಹಾಕಬೇಕು. ಹಾಕದೆ ಜೀಪಿಗೆ ಏರಿಸಿದರೆ ದಾರಿಯ ಕುಲುಕಾಟಕ್ಕೆ ಡ್ರಮ್ ಹಿಡಿದಿರುವ ಸ್ಪ್ರಿಂಗು, ಡ್ಯಾಂಪರ್ ಹಾಳಾಗುತ್ತವೆ. ನಮ್ಮ ಭಾವ ಆ ಬೋಲ್ಟುಗಳನ್ನು ಪ್ಯಾಕಿಂಗ್ ಜೊತೆ ಗುಜರಿಗೆ ಹಾಕಿದ್ದರು.

ಬೋರಿನ ನೀರು ಕೆಂಪಾ? ಬಕೆಟ್ಟಿನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ತಳದಲ್ಲಿ ಕೆಂಪು ಕೆಸರು ನಿಂತರೆ ಕಬ್ಬಿಣ ಇದೆ. ಅಂಥ ನೀರಿನಲ್ಲಿ ಪೈಪು ಮೆಷಿನ್ನಿಗೆ ಸೇರುವಲ್ಲಿರುವ ಸಣ್ಣ ಜಾಲರಿ ಕಟ್ಟಿಕೊಳ್ಳುತ್ತದೆ. ನೀರು ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದರೆ ಅದೇ ಕಾರಣ. ಬಿಚ್ಚಿ ಹಳೇ ಬ್ರಶ್ಶಿನಲ್ಲಿ ಉಜ್ಜಿದರೆ ಸಾಕು, ಮೆಕ್ಯಾನಿಕ್ ಬೇಡ. ಈ ನೀರಿನಲ್ಲಿ ಬಿಳಿ ಬಟ್ಟೆಗೆ ಬ್ಲೀಚ್ ಹಾಕಲೇಬೇಡಿ, ಹಳದಿ ಕಲೆ ಗಟ್ಟಿಯಾಗಿ ಕೂರುತ್ತದೆ.

ತೋಟಕ್ಕೆ ಮೈಲುತುತ್ತು, ಸುಣ್ಣದ ದ್ರಾವಣ ಬಿಡುವಾಗ ಹಾಕಿಕೊಂಡ ಬಟ್ಟೆ ಮೆಷಿನ್ನಿಗೆ ಹಾಕಬಹುದಾ ಎಂದು ಇಲ್ಲೇ ಕೇಳಿದ ಮಾವನಿಗೆ: ಟೀಚರ್ ಕೇಳಿದ್ದು ಅದಲ್ಲ ಮಾವ, ಆದರೂ ಹೇಳುತ್ತೇನೆ. ಹೊರಗೆ ಎರಡು ನೀರಿನಲ್ಲಿ ಜಾಲಾಡಿ ಸುಣ್ಣ ಬಿಟ್ಟ ಮೇಲೆ ಬೇರೆಯೇ ಹಾಕಿ. ನನ್ನ ಅಂಥ ಬಟ್ಟೆಯನ್ನು ಲಾಂಡ್ರಿಯವರು ಮುಟ್ಟದೆ ವಾಪಸ್ ಕೊಟ್ಟಿದ್ದರು.

ಟೀಚರೇ, ಮೆಷಿನ್ ನೋಡಲು ಹೋಗುವ ಮೊದಲು ಮನೆ ಓನರಿಗೆ ಫೋನ್ ಮಾಡಿ. ಬಚ್ಚಲಲ್ಲಿ ಬೇರೆ ನಲ್ಲಿ ಕೂರಿಸಲು ಅವರು ಒಪ್ಪದಿದ್ದರೆ, ಕೊಡದಿಂದ ನೀರು ಹೊಯ್ಯಬಹುದಾದ ಸೆಮಿ ಆಟೋಮೆಟಿಕ್ಕೇ ನಿಮಗೆ ಗತಿ.