ಗಡಿಗಂಟಿದ ಪಿಲ್ಲರ್‌ಗೆ ಜೋಡಿ ಫುಟಿಂಗ್: ಆಕಾರ ಯಾವುದು, ಕಂಬಿ ಎಲ್ಲಿ?

ಪ್ರಶ್ನೆ: ಸರ್, ರಾಜಾಜಿನಗರದಲ್ಲಿ ನಮ್ಮದು 30×40 ಸೈಟು. ಹಳೇ ಮನೆ ಕೆಡವಿ ಗ್ರೌಂಡ್ ಮೇಲೆ ಎರಡು ಮಹಡಿ ಕಟ್ಟುತ್ತಿದ್ದೇವೆ. ಒಂದು ಪಿಲ್ಲರ್‌ನ ಹೊರಮೈ ಪಕ್ಕದವರ ಗಡಿಗೇ ತಾಗುತ್ತದೆ. ಅದಕ್ಕೂ ಒಳಗಿನ ಪಿಲ್ಲರ್‌ಗೂ ಸೆಂಟರಿನಿಂದ ಸೆಂಟರಿಗೆ 3.4 ಮೀಟರ್. ಎಂಜಿನಿಯರ್ ಎರಡಕ್ಕೂ ಸೇರಿಸಿ ಒಂದೇ ಫುಟಿಂಗ್ ಕೊಟ್ಟಿದ್ದಾರೆ. ಮೇಸ್ತ್ರಿ ಮಾತ್ರ ‘ಒಳಗಡೆಗೆ ಚಾಚಿ ಒಂದು ಫುಟಿಂಗ್ ಹಾಕಿದ್ರೆ ಸಾಕು, ಕೆಳಗೆ ಒಂದು ಜಾಲರಿ ಇದ್ರೆ ಆಯ್ತು’ ಅಂತಾರೆ. ಯಾರ ಮಾತು ಸರಿ? ಫುಟಿಂಗ್ ಚೌಕಾಕಾರ ಇರಬೇಕಾ, ಒಂದು ಕಡೆ ಅಗಲ ಇರಬೇಕಾ?

ಉತ್ತರ: ಎಂಜಿನಿಯರ್ ಮಾತು ಸರಿ. ಮೇಸ್ತ್ರಿ ಹೇಳುವ ಹಾಗೆ 1.5 ಮೀಟರ್ ಫುಟಿಂಗನ್ನು ಪೂರ್ತಿ ಒಳಗಡೆಗೇ ಚಾಚಿದಿರಿ ಎನ್ನೋಣ. 23 ಸೆಂ.ಮೀ. ದಪ್ಪದ ಪಿಲ್ಲರ್‌ನ ಸೆಂಟರು ಫುಟಿಂಗಿನ ಸೆಂಟರಿನಿಂದ ಸುಮಾರು 63 ಸೆಂ.ಮೀ. ಆಚೆ ಬೀಳುತ್ತದೆ. ಅಡಿಯ ಮಣ್ಣೆಲ್ಲ ಭಾರ ಹೊರಬೇಕಾದರೆ ಆ ದೂರ ಅಗಲದ ಆರನೇ ಒಂದು ಪಾಲು, ಅಂದರೆ 25 ಸೆಂ.ಮೀ. ದಾಟಬಾರದು. ದಾಟಿದರೆ ಗಡಿಯ ಅಂಚು ಮಣ್ಣಿಗೆ ಒತ್ತಿಕೊಳ್ಳುತ್ತದೆ, ಒಳಗಿನ ಅಂಚು ಮೇಲೇಳಲು ನೋಡುತ್ತದೆ, ಪಿಲ್ಲರ್ ಪಕ್ಕದವರ ಕಡೆಗೆ ವಾಲುತ್ತದೆ.

ಆಕಾರ ತೀರ್ಮಾನವಾಗುವುದು ಎರಡು ಪಿಲ್ಲರ್‌ಗಳಲ್ಲಿ ಯಾವುದರ ಭಾರ ಹೆಚ್ಚು ಎಂಬುದರ ಮೇಲೆ. ಎರಡೂ ಭಾರ ಕೂಡಿ ಒಂದೇ ಬಿಂದುವಿನಲ್ಲಿ ನಿಂತಿದೆ ಎಂದುಕೊಳ್ಳಿ. ಆ ಬಿಂದುವೂ ಫುಟಿಂಗಿನ ಮಧ್ಯಬಿಂದುವೂ ಒಂದೇ ಆಗಬೇಕು, ಆಗ ಮಣ್ಣಿನ ಮೇಲೆ ಒತ್ತಡ ಎಲ್ಲ ಕಡೆ ಸಮನಾಗುತ್ತದೆ. ನಿಮ್ಮ ಲೆಕ್ಕದ ಹಾಳೆ ನನ್ನ ಕೈಯಲ್ಲಿಲ್ಲ. ಇಂಥ ಮನೆಗೆ ಬರಬಹುದಾದ ಅಂಕಿ ಹಿಡಿದು ಹೇಳುತ್ತೇನೆ: ಗಡಿಯ ಪಿಲ್ಲರ್‌ಗೆ 40 ಟನ್, ಒಳಗಿನದಕ್ಕೆ 70 ಟನ್, ಮಣ್ಣಿನ ತಾಳಿಕೆ ಚದರ ಮೀಟರಿಗೆ 15 ಟನ್. ಈ ಕೊನೆಯ ಅಂಕಿ ಮಾತ್ರ ನಿಮ್ಮ ಮಣ್ಣಿನ ಪರೀಕ್ಷೆಯಿಂದಲೇ ಬರಬೇಕು. ಬೆಂಗಳೂರಿನಲ್ಲಿ ಒಂದು ಬೀದಿಯಲ್ಲಿ ಗಟ್ಟಿ ಕೆಂಪು ಮಣ್ಣಿದ್ದರೆ ಮುಂದಿನ ಬೀದಿ ಮುಚ್ಚಿದ ಕೆರೆಯಂಗಳ ಆಗಿರಬಹುದು.

ಒಟ್ಟು 110 ಟನ್. ಗಡಿಯ ಪಿಲ್ಲರ್‌ನ ಸೆಂಟರಿನಿಂದ ಕೂಡುಭಾರದ ಬಿಂದು 70 × 3.4 ÷ 110, ಅಂದರೆ 2.16 ಮೀಟರ್. ಪಿಲ್ಲರ್‌ನ ಅರ್ಧ ದಪ್ಪ ಸೇರಿಸಿದರೆ ಗಡಿಯಿಂದ 2.28. ಫುಟಿಂಗು ಗಡಿಯಿಂದಲೇ ಶುರುವಾಗಬೇಕಾದ್ದರಿಂದ ಉದ್ದ ಇದರ ಎರಡರಷ್ಟು, 4.56 ಮೀಟರ್. ಫುಟಿಂಗಿನ ಸ್ವಂತ ತೂಕಕ್ಕೆಂದು ನೂರಕ್ಕೆ ಹತ್ತು ಸೇರಿಸಿ 121 ಟನ್ ಹಿಡಿದರೆ 8.07 ಚದರ ಮೀಟರ್ ಜಾಗ ಬೇಕು, ಅಗಲ 1.8 ಮೀಟರ್ ಆಯಿತು. ಒಳಗಿನ ಪಿಲ್ಲರ್‌ನ ಸೆಂಟರಿನಿಂದ ಆಚೆಗೆ ಒಂದು ಮೀಟರಿನಷ್ಟು ಚಾಚಿಕೊಂಡಿರುತ್ತದೆ. ನೇರ ಆಯತ, ತಲೆನೋವಿಲ್ಲ.

ಎರಡೂ ಭಾರ ಸಮವಾಗಿದ್ದರೆ ಇದೇ ಲೆಕ್ಕದಲ್ಲಿ ಉದ್ದ 3.63 ಮೀಟರ್ ಬರುತ್ತದೆ. ಅದು ಸರಿಯಾಗಿ ಒಳಗಿನ ಪಿಲ್ಲರ್‌ನ ಆಚೆಯ ಮುಖಕ್ಕೆ ಬಂದು ನಿಲ್ಲುತ್ತದೆ. ಗಡಿಯ ಪಿಲ್ಲರ್ ಇನ್ನೂ ಭಾರವಾದರೆ ಆಯತ ಒಳಗಿನ ಪಿಲ್ಲರ್‌ವರೆಗೆ ಮುಟ್ಟುವುದೇ ಇಲ್ಲ. ಗಡಿಗೆ 70 ಟನ್, ಒಳಗೆ 50 ಟನ್ ಇದ್ದರೆ ಉದ್ದ 3.06 ಮಾತ್ರ. ಆಗಲೇ ಒಂದು ಕಡೆ ಅಗಲವಾದ ಆಕಾರ ಬೇಕಾಗುವುದು, ಅಗಲದ ಬದಿ ಭಾರದ ಪಿಲ್ಲರ್‌ನ ಕೆಳಗೆ. ಉದ್ದ 3.75 ಇಟ್ಟರೆ ಗಡಿಯ ಬದಿಗೆ 3.65, ಒಳಬದಿಗೆ 1.05 ಮೀಟರ್ ಅಗಲ ಬರುತ್ತದೆ. ಕಾಗದದ ಮೇಲೆ ಚೆನ್ನ. ಗುಂಡಿಯಲ್ಲಿ ಅಡ್ಡ ಕಂಬಿಗಳಿಗೆಲ್ಲ ಬೇರೆ ಬೇರೆ ಅಳತೆ, ಗಡಿಯುದ್ದಕ್ಕೂ ಚಾಚಿದ ಆ 3.65 ಮೀಟರ್ ಪಕ್ಕದ ಪಿಲ್ಲರ್‌ನ ಫುಟಿಂಗಿಗೆ ಹೋಗಿ ತಾಗುವುದೂ ಉಂಟು. ಅಂಥ ಕಡೆ ನಾನಾದರೆ ಎರಡು ಬೇರೆ ಫುಟಿಂಗ್ ಹಾಕಿ ಗಟ್ಟಿಯಾದ ಸ್ಟ್ರ್ಯಾಪ್ ಬೀಮಿನಿಂದ ಬಿಗಿಯುತ್ತೇನೆ. ನೀವು ನೀರಿನ ಟ್ಯಾಂಕನ್ನೂ ಮೆಟ್ಟಿಲ ಕೋಣೆಯನ್ನೂ ಆಮೇಲೆ ಗಡಿಯ ಮೇಲಕ್ಕೆ ತಳ್ಳುವ ಯೋಚನೆಯಲ್ಲಿದ್ದರೆ ಎಂಜಿನಿಯರ್‌ಗೆ ಈಗಲೇ ಹೇಳಿಬಿಡಿ. 5,000 ಲೀಟರ್ ನೀರೆಂದರೆ 5 ಟನ್.

ಇನ್ನು ಕಂಬಿ. ಮೇಸ್ತ್ರಿಗೆ ಒಂದು ಜಾಲರಿ ಸಾಕೆನಿಸುವುದು ಸಹಜ, ಒಂಟಿ ಪಿಲ್ಲರ್‌ನ ಫುಟಿಂಗಿನಲ್ಲಿ ಅದೇ ಸರಿ. ಇಲ್ಲಿ ಹಾಗಲ್ಲ. ಸ್ಲ್ಯಾಬನ್ನು ತಲೆಕೆಳಗು ಮಾಡಿ ನೋಡಿ: ಪಿಲ್ಲರ್‌ಗಳೇ ಆಸರೆ, ಮಣ್ಣು ಕೆಳಗಿನಿಂದ ಮೇಲಕ್ಕೆ ಒತ್ತುವ ಭಾರ. ಎರಡು ಪಿಲ್ಲರ್‌ಗಳ ನಡುವೆ ಫುಟಿಂಗ್ ಮೇಲಕ್ಕೆ ಉಬ್ಬಲು ನೋಡುತ್ತದೆ, ಬಿರುಕು ಮೇಲ್ಮೈಯಲ್ಲಿ ಬಿಡುತ್ತದೆ. ಮುಖ್ಯ ಕಂಬಿ ಅಲ್ಲಿ ಮೇಲೆ ಇರಬೇಕು.

ಮೊದಲು ಹೇಳಿದ 40 ಟನ್, 70 ಟನ್‌ನ ಆಯತಕ್ಕೇ ಬರೋಣ. ಭಾರವನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 36 ಟನ್ ಮೇಲ್ಮುಖ ಒತ್ತಡ. ಗಡಿಯಿಂದ 1.66 ಮೀಟರಿನಲ್ಲಿ ಬಾಗು ಅತಿ ಹೆಚ್ಚು, 43 ಟನ್-ಮೀಟರ್, ಮೇಲ್ಮೈ ಎಳೆತದಲ್ಲಿ. ಒಳಗಿನ ಪಿಲ್ಲರ್‌ನ ಆಚೆಯ ಚಾಚಿನಲ್ಲಿ ಕೆಳಮೈ ಎಳೆತ, ಅದು 16ರಷ್ಟೇ. ದಪ್ಪವನ್ನು ತೀರ್ಮಾನಿಸುವುದು ಬಾಗಲ್ಲ, ಒಳಗಿನ ಪಿಲ್ಲರ್‌ನ ಪಕ್ಕದ ಶಿಯರ್, ಅಂದರೆ ಫುಟಿಂಗನ್ನು ಕತ್ತರಿಸಲು ನೋಡುವ ಬಲ. ಎಂ25 ಕಾಂಕ್ರೀಟಿನಲ್ಲಿ ಕೆಲಸದ ದಪ್ಪ, ಅಂದರೆ ಮೇಲಿನ ಮುಖ್ಯ ಕಂಬಿಯಿಂದ ಫುಟಿಂಗಿನ ತಳದವರೆಗಿನ ಅಳತೆ, 60 ಸೆಂ.ಮೀ. ಇಟ್ಟು ನೋಡಿದೆ, ಶಿಯರ್ ಚದರ ಮಿ.ಮೀ.ಗೆ 0.38 ನ್ಯೂಟನ್ ಬಂತು. ಬಾಗಿಗೆ ಬೇಕಾದಷ್ಟೇ ಕಂಬಿ ಇದ್ದರೆ ಕಾಂಕ್ರೀಟು ತಾಳುವುದು 0.29ರ ಆಸುಪಾಸು. 70 ಸೆಂ.ಮೀ.ಗೆ ಏರಿಸಿ ಮೇಲೆ 16 ಮಿ.ಮೀ.ನ 12 ಕಂಬಿ ಹಾಕಿದಾಗ ಬರುವುದು 0.30, ತಾಳುವುದು 0.32. ಕವರ್ ಸೇರಿ ಒಟ್ಟು ದಪ್ಪ 77 ಸೆಂ.ಮೀ. ಕೆಳಗೆ ಉದ್ದಕ್ಕೆ 12 ಮಿ.ಮೀ.ನ 15 ಕಂಬಿ, ಅಡ್ಡಕ್ಕೆ 12 ಮಿ.ಮೀ. 120 ಮಿ.ಮೀ. ಅಂತರದಲ್ಲಿ. ಇವೆರಡೂ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವ ಕನಿಷ್ಠ 0.12 ಶೇಕಡಾದಿಂದ ಬಂದವು. ಮೇಲಿನ ಉದ್ದ ಕಂಬಿಯನ್ನು ಕಟ್ಟಿ ಹಿಡಿಯುವ ಅಡ್ಡ ಕಂಬಿ ಬೇರೆ. ಗಡಿಯ ತುದಿಯಲ್ಲಿ ಮೇಲಿನ ಕಂಬಿಗಳನ್ನು ಕೆಳಕ್ಕೆ ಬಗ್ಗಿಸಬೇಕು, ಅಲ್ಲಿ ನೇರ ಚಾಚಲು ಜಾಗವಿಲ್ಲ.

ಒಮ್ಮೆ ನಾನೇ ಹೋಗಿ ನೋಡಿದ ಗುಂಡಿಯೊಂದರಲ್ಲಿ ಹನ್ನೆರಡೂ ದಪ್ಪ ಕಂಬಿ ಕೆಳಗೆ ಮಲಗಿದ್ದವು. ಬಾರ್ ಬೆಂಡರ್‌ನನ್ನು ಕೇಳಿದರೆ, ‘ದಪ್ಪ ಕಂಬಿ ಯಾವತ್ತೂ ಕೆಳಗೆ ತಾನೇ ಸಾರ್, ಮೋಲ್ಡಲ್ಲಿ ಹಾಕೋ ಹಾಗೆ’ ಅಂದ. ಕಾಂಕ್ರೀಟ್ ಲಾರಿ ಬೀದಿಯ ತಿರುವಿನಲ್ಲಿತ್ತು, ವಾಪಸ್ ಕಳಿಸಿದೆವು. ಹಾಕಿಬಿಟ್ಟಿದ್ದರೆ ಬಿರುಕು ಮಣ್ಣಿನಡಿ ಮುಚ್ಚಿಹೋಗುತ್ತಿತ್ತು. ಕಾಣುವ ಹೊತ್ತಿಗೆ ಅದು ಗೋಡೆಯ ಓರೆ ಬಿರುಕಾಗಿರುತ್ತಿತ್ತು.

ಹಾಗಾಗಿ ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಒಂದು ಟೇಪ್ ಹಿಡಿದು ಗುಂಡಿಗೆ ಇಳಿಯಿರಿ. ಎರಡು ಜಾಲರಿ ಇರಬೇಕು, ನಡುವೆ 65 ಸೆಂ.ಮೀ.ನಷ್ಟು ಅಂತರ ಇರಬೇಕು, ದಪ್ಪ ಕಂಬಿ ಮೇಲಿರಬೇಕು. ಕೆಳಜಾಲರಿಗೆ 50 ಮಿ.ಮೀ. ಕವರ್ ಬ್ಲಾಕ್, ಮೇಲಿನದನ್ನು ಎತ್ತಿ ಹಿಡಿಯಲು ಕಂಬಿಯ ಚೇರು. ಮೇಲಿನ ಜಾಲರಿಯ ಮೇಲೆ ಒಬ್ಬರು ನಿಂತು ನೋಡಲಿ. ಅದು ಜಗ್ಗಿದರೆ ಚೇರು ಕಡಿಮೆ ಎಂದರ್ಥ, ಇನ್ನಷ್ಟು ಹಾಕಿಸಿ.