ರಾತ್ರಿಯ ಕೊನೆಯ ಸಿಗರೇಟು ಮತ್ತು ನಾಲ್ಕು ಗಂಟೆಯ ಎಚ್ಚರ

"ಹನ್ನೊಂದೂವರೆಗೆ ಒಂದು ಸಿಗರೇಟು ಸೇದಿ ಮಲಗುತ್ತೇನೆ. ನಾಲ್ಕಕ್ಕೆ ಎಚ್ಚರವಾಗುತ್ತದೆ, ಇನ್ನೊಂದು ಸೇದಿದರೆ ಮಾತ್ರ ಸಮಾಧಾನ. ಏಕೆ ಹೀಗೆ?"

ಬಹುಶಃ ನಿಕೋಟಿನ್ ಇಳಿತವೇ ಕಾರಣ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮಲಗಿದ ಹೊತ್ತಿಗೆ ಅದು ಉತ್ತೇಜಕವಾಗಿ ಗಾಢ ನಿದ್ರೆಯನ್ನು ಕಡಿಮೆ ಮಾಡುತ್ತದೆ. ನಾಲ್ಕರ ಹೊತ್ತಿಗೆ ಕಾಲು ಭಾಗಕ್ಕೂ ಕಡಿಮೆ ಉಳಿದು, ಮಿದುಳು ಮತ್ತೆ ಕೇಳುತ್ತದೆ. ಸಿಗುವ ಸಮಾಧಾನ ಆ ಚಡಪಡಿಕೆ ನಿಂತದ್ದು, ಅಷ್ಟೇ.

ಮೊದಲು ನಾಲ್ಕರ ಸಿಗರೇಟನ್ನು ನಿಲ್ಲಿಸಿ. ಅದು ಸಿಗುತ್ತಿರುವವರೆಗೆ ದೇಹ ಆ ಹೊತ್ತಿಗೆ ಏಳುವುದನ್ನು ಬಿಡುವುದಿಲ್ಲ. ಪೊಟ್ಟಣವನ್ನು ಕೋಣೆಯ ಹೊರಗಿಡಿ. ಆಮೇಲೆ ರಾತ್ರಿಯದನ್ನು ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತಂದು, ಒಂಬತ್ತೂವರೆಗೆ ನಿಲ್ಲಿಸಿ. ನನಗೆ ಮೊದಲ ವಾರ ನಿದ್ರೆ ಇನ್ನೂ ಕೆಟ್ಟಿತ್ತು, ಅದನ್ನು ಸೋಲೆಂದುಕೊಳ್ಳಬೇಡಿ.

ಪೂರ್ತಿ ಬಿಡುವುದಾದರೆ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಹೊಗೆಯಿಂದಾಗಿ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಅದೇ ಕಾಫಿ ಹೆಚ್ಚು ಹೊತ್ತು ಕಾಡುತ್ತದೆ. 24 ಗಂಟೆಯ ನಿಕೋಟಿನ್ ಪಟ್ಟಿ ಹಚ್ಚಿಕೊಂಡು ನಿದ್ರೆ ಕೆಟ್ಟರೆ, ಮಲಗುವಾಗ ತೆಗೆಯಬಹುದೇ ಎಂದು ವೈದ್ಯರನ್ನು ಕೇಳಿ.

ನಾಲ್ಕು ವಾರವಾದರೂ ಎಚ್ಚರ ಹಾಗೆಯೇ ಇದ್ದರೆ, ಅಥವಾ ಜೋರು ಗೊರಕೆ, ದಿನವಿಡೀ ಮಂಕು ಇದ್ದರೆ, ಕಾರಣ ಬೇರೆ ಇರಬಹುದು, ವೈದ್ಯರಿಗೆ ತೋರಿಸಿ.