ದರ ಇಳಿಯದಿದ್ದರೂ ಬ್ಯಾಂಕಿನ ಚಿನ್ನದ ನಾಣ್ಯದಲ್ಲಿ ನಷ್ಟವೇಕೆ?

*"ಎರಡು ತಿಂಗಳ ಹಿಂದೆ ಬ್ಯಾಂಕಿನಿಂದ 10 ಗ್ರಾಂ ಚಿನ್ನದ ನಾಣ್ಯ ಕೊಂಡೆ. ಈಗ ಹಣ ಬೇಕಾಗಿದೆ. ಚಿನ್ನದ ದರ ಅಂದಿನಷ್ಟೇ ಇದೆ. ಆದರೂ ನಾನು ಕೊಟ್ಟ ಹಣಕ್ಕಿಂತ ಅಂಗಡಿಯವರು ಹನ್ನೆರಡು ಸಾವಿರ ಕಡಿಮೆ ಹೇಳುತ್ತಿದ್ದಾರೆ. ಬ್ಯಾಂಕಿನವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಇದು ಮೋಸವಲ್ಲವೇ?"*

ಮೋಸವಲ್ಲ. ಆದರೆ ಈ ಲೆಕ್ಕವನ್ನು ಮಾರುವಾಗ ಯಾರೂ ನಿಮ್ಮ ಮುಂದೆ ಇಟ್ಟಿರಲಿಕ್ಕಿಲ್ಲ, ಅದು ನನಗೆ ಸರಿಕಾಣದ ಸಂಗತಿ. ಹಳೆಯ ಚಿನ್ನ ಕೊಳ್ಳುವ ಅಂಗಡಿಯಲ್ಲಿ ದರ ಕಟ್ಟುವುದೇ ನನ್ನ ಕೆಲಸ; ಇದೇ ಪ್ರಶ್ನೆ ಹೊತ್ತು ಬರುವವರು ಬಹಳ.

ಪತ್ರಿಕೆಯಲ್ಲಿ ನೀವು ನೋಡುವುದು ಒಂದೇ ದರ. ವಹಿವಾಟಿನಲ್ಲಿ ಇರುವುದು ಎರಡು: ನಿಮಗೆ ಮಾರುವ ದರ, ನಿಮ್ಮಿಂದ ಕೊಳ್ಳುವ ದರ. ಪತ್ರಿಕೆಯ ದರ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದು ಅಲುಗಾಡದೆ ನಿಂತರೂ ಈ ಅಂತರ ಹಾಗೆಯೇ ಉಳಿಯುತ್ತದೆ. ಕೊಂಡು ಮಾರಿದವರು ಆ ಅಂತರವನ್ನು ಪೂರ್ತಿ ಭರಿಸಬೇಕು.

ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಣ್ಯದಲ್ಲಿರುವ ಚಿನ್ನದ ಬೆಲೆ ಒಂದು ಲಕ್ಷ. ಟಂಕಿಸುವ ಖರ್ಚು, ಶುದ್ಧತೆಯ ಪ್ರಮಾಣಪತ್ರ, ಸೀಲು ಮಾಡಿದ ಕಾರ್ಡು, ಸಾಗಣೆ, ವಿಮೆ, ಬ್ಯಾಂಕಿನ ಲಾಭ ಎಲ್ಲ ಸೇರಿ ಶೇ 7ರಷ್ಟು ಹೆಚ್ಚು ಹಾಕಿದರೆ 1,07,000. ಅದರ ಮೇಲೆ ಶೇ 3ರ ಜಿಎಸ್‌ಟಿ 3,210. ನಿಮ್ಮ ಕೈಯಿಂದ ಹೋದದ್ದು 1,10,210. ಇನ್ನು ಅಂಗಡಿಯವರು ಮಾರುಕಟ್ಟೆ ದರಕ್ಕಿಂತ ಶೇ 2 ಕಡಿಮೆಗೆ ಕೊಂಡರೆ ನಿಮಗೆ ಬರುವುದು 98,000. ವ್ಯತ್ಯಾಸ 12,210 ರೂಪಾಯಿ. ಶೇಕಡಾವಾರು ಬ್ಯಾಂಕಿನಿಂದ ಬ್ಯಾಂಕಿಗೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಲೆಕ್ಕದ ದಾರಿ ಮಾತ್ರ ಇದೇ.

ಕೊಳ್ಳುವವನ ಕಡೆಯಿಂದ ನೋಡಿದರೆ ಕಾರಣ ತಿಳಿಯುತ್ತದೆ. ನನಗೆ ಸಗಟು ವ್ಯಾಪಾರಿಯಿಂದ ಅಚ್ಚುಕಟ್ಟಾದ ಗಟ್ಟಿ ಸಿಗುತ್ತದೆ. ಅದಕ್ಕೆ ಕೊಟ್ಟ ಜಿಎಸ್‌ಟಿ ನಮ್ಮ ತೆರಿಗೆ ಲೆಕ್ಕದಲ್ಲಿ ಹೊಂದಾಣಿಕೆಯಾಗುತ್ತದೆ, ಹಾಗಾಗಿ ಅದು ನಮಗೆ ಖರ್ಚೇ ಅಲ್ಲ. ನಿಮಗೆ ಆ ಹೊಂದಾಣಿಕೆ ಇಲ್ಲ. ಕಟ್ಟಿದ ಶೇ 3 ಹೋಯಿತೆಂದೇ ಲೆಕ್ಕ. ನಿಮ್ಮ ನಾಣ್ಯವನ್ನು ಹಾಗೆಯೇ ಮರುಮಾರಾಟ ಮಾಡುವುದೂ ಕಷ್ಟ, ಏಕೆಂದರೆ ಗಿರಾಕಿ ಕೇಳುವುದು ಹೊಸ ಕಾರ್ಡು. ಕೊನೆಗೆ ಅದು ಕರಗಿಸುವ ಲೋಹವೇ. ಕಾರ್ಡಿಗೂ ಮುದ್ರೆಗೂ ನೀವು ಕೊಟ್ಟ ಹಣ ಅಲ್ಲಿಗೆ ಮುಗಿಯಿತು. ಶುದ್ಧತೆ ಪರೀಕ್ಷೆಯ ಖರ್ಚು, ಕರಗಿಸುವಷ್ಟರಲ್ಲಿ ದರ ಇಳಿಯುವ ಅಪಾಯ, ನಮ್ಮ ಲಾಭ ಆ ಶೇ 2ರಲ್ಲಿ ಇವೆ.

ಬ್ಯಾಂಕು ವಾಪಸ್ ತೆಗೆದುಕೊಳ್ಳದಿರುವುದು ಆ ಶಾಖೆಯ ಹಟವಲ್ಲ. ನಾಣ್ಯ ಮಾರಲು ಬ್ಯಾಂಕುಗಳಿಗೆ ಅವಕಾಶವಿದೆ, ಮರಳಿ ಕೊಳ್ಳಲು ರಿಸರ್ವ್ ಬ್ಯಾಂಕ್ ಅನುಮತಿ ಇಲ್ಲ. ಹೀಗಾಗಿ ಮಾರಿದವನೇ ಕೊಳ್ಳುವವನಾಗಿ ಅಂತರ ಕಿರಿದಾಗುವ ಸಾಧ್ಯತೆಯೂ ಇಲ್ಲವಾಗುತ್ತದೆ.

ಸಣ್ಣ ನಾಣ್ಯಗಳಲ್ಲಿ ಪೆಟ್ಟು ಇನ್ನೂ ಜೋರು. ಒಂದು ಗ್ರಾಂ ನಾಣ್ಯಕ್ಕೂ ಕಾರ್ಡು, ಪ್ರಮಾಣಪತ್ರ, ಟಂಕಿಸುವ ಕೆಲಸ ಬೇಕೇ ಬೇಕು. ಆ ಖರ್ಚನ್ನು ಹಂಚಿಕೊಳ್ಳಲು ಚಿನ್ನವೇ ಕಡಿಮೆ.

ಈಗ ನೀವು ನೋಡಬೇಕಾದದ್ದು: ಅಂಗಡಿಯವರು ಯಾವ ಕ್ಯಾರೆಟ್ ದರದಲ್ಲಿ ಹೇಳುತ್ತಿದ್ದಾರೆ? ನಿಮ್ಮದು 24 ಕ್ಯಾರೆಟ್. ಅದನ್ನು ಆಭರಣದ 22 ಕ್ಯಾರೆಟ್ ದರಕ್ಕೆ ತೂಗಿದರೆ ಮೇಲಿನ ಲೆಕ್ಕದಲ್ಲಿ ಗ್ರಾಂಗೆ ಸುಮಾರು 9,167 ಮಾತ್ರ, ಕಡಿತಕ್ಕೆ ಮೊದಲೇ ಎಂಟು ಸಾವಿರಕ್ಕೂ ಹೆಚ್ಚು ಮಾಯ. ಇದನ್ನು ಒಪ್ಪಬೇಡಿ. ಯಂತ್ರದಲ್ಲಿ ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ, ಕಾರ್ಡಿನ ಸೀಲು ಒಡೆಯದೆ, ಬಿಲ್ಲು ಜತೆಗಿಟ್ಟು ಹೋಗಿ, ಎರಡು ಮೂರು ಅಂಗಡಿ ವಿಚಾರಿಸಿ. ಒಡವೆಗೆ ಬದಲಿಯಾಗಿ ಕೊಡುವ ದರ ಚೆನ್ನಾಗಿದೆ ಎಂದರೆ ಆ ಒಡವೆಯ ಮಜೂರಿಯನ್ನೂ ಕೂಡಿಸಿ ನೋಡಿ.

ನಿಮ್ಮ ಖರೀದಿ ಸಮಸ್ಥಿತಿಗೆ ಬರಬೇಕಾದರೆ ಚಿನ್ನದ ದರ ಸುಮಾರು ಶೇ 12.5 ಏರಬೇಕು. ಎರಡು ತಿಂಗಳಲ್ಲಿ ಅದು ದೊಡ್ಡ ಗುಡ್ಡ. ಐದು ವರ್ಷ ಇಟ್ಟುಕೊಂಡರೆ ವರ್ಷಕ್ಕೆ ಶೇ 2.4ರಷ್ಟು ಏರಿದರೂ ಸಾಕು.

ಹಣ ಬೇಕಾಗಿರುವುದು ಕೆಲವು ತಿಂಗಳ ಮಟ್ಟಿಗೆ ಮಾತ್ರವಾದರೆ ಮಾರುವ ಮೊದಲು ಬ್ಯಾಂಕಿನಲ್ಲಿ ಅಡವು ಸಾಲ ವಿಚಾರಿಸಿ. ಬ್ಯಾಂಕುಗಳು ಮಾರಿದ ನಾಣ್ಯಗಳ ಮೇಲೆ ಒಬ್ಬರಿಗೆ 50 ಗ್ರಾಂವರೆಗೆ ಸಾಲ ಕೊಡಲು ನಿಯಮದಲ್ಲಿ ಅವಕಾಶವಿದೆ. ನಾಲ್ಕಾರು ತಿಂಗಳ ಬಡ್ಡಿಯನ್ನು ಆ ಹನ್ನೆರಡು ಸಾವಿರದ ಪಕ್ಕ ಇಟ್ಟು ಹೋಲಿಸಿ, ಆಮೇಲೆ ತೀರ್ಮಾನಿಸಿ.